ಹೊಂಬಿಸಿಲು, ಕೆಂದೂಳು, ಅಡ್ಡ ಉಳುಮೆ: ಏಪ್ರಿಲ್ ಪುಟದ ಚಿತ್ರಕ್ಕೆ ಪ್ರಾಂಪ್ಟ್

ಒಂದು ಛಾಯಾಚಿತ್ರದಂತಹ ಚಿತ್ರ ಬೇಕು. ಉತ್ತ ಹೊಲವನ್ನು ಅಡ್ಡಲಾಗಿ ದಾಟುತ್ತಿರುವ ಟ್ರ್ಯಾಕ್ಟರ್, ಅದರ ಹಿಂದೆ ಏಳುತ್ತಿರುವ ಕೆಂಪು ಧೂಳು, ಆ ಧೂಳಿನೊಳಗಿಂದ ಹಾದು ಬರುವ ಸಂಜೆಯ ಹೊಂಬಿಸಿಲು. ನಮ್ಮ ಸಹಕಾರ ಸಂಘದ ಗೋಡೆ ಕ್ಯಾಲೆಂಡರಿನ ಏಪ್ರಿಲ್ ಪುಟಕ್ಕೆ ಇದು. ಅಗಲ ಮತ್ತು ಎತ್ತರ 3:2 ಅನುಪಾತದಲ್ಲಿರಲಿ. ಮೇಲಿನ ಮೂರನೇ ಒಂದು ಭಾಗ ಬರೀ ಆಕಾಶ. ತಿಂಗಳ ಹೆಸರನ್ನು ಮುದ್ರಣಾಲಯದವರು ಅಲ್ಲಿ ಕೂರಿಸುತ್ತಾರೆ.

ಸ್ಥಳ ಕೊಡಗು. ಆದರೆ ಕೊಡಗು ಎಂದ ಕೂಡಲೇ ಮಂಜು, ಕಾಫಿ ತೋಟ, ಜಲಪಾತ ಬರಬಾರದು. ಇದು ಜಿಲ್ಲೆಯ ಪೂರ್ವದ ಅಂಚು: ಕುಶಾಲನಗರದಿಂದ ಉತ್ತರಕ್ಕೆ, ಹೆಬ್ಬಾಲೆ, ಶಿರಂಗಾಲದ ಕಡೆಯ ಬಯಲು. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ. ಮಡಿಕೇರಿಯಲ್ಲಿ ಸುರಿಯುವ ಮಳೆಯ ಸಣ್ಣದೊಂದು ಪಾಲು ಮಾತ್ರ ಇಲ್ಲಿಗೆ ತಲುಪುತ್ತದೆ. ನೆಲ ಅಲೆಅಲೆಯಾಗಿ ಸ್ವಲ್ಪವೇ ಏರಿಳಿಯುತ್ತದೆ. ಮೆಟ್ಟಿಲು ಗದ್ದೆಗಳಿಲ್ಲ, ನೀರು ನಿಂತ ಕೆಸರು ಇಲ್ಲ. ಕೆಸರಿನಿಂದ ಧೂಳು ಏಳುವುದಿಲ್ಲ ಎಂಬುದನ್ನು ಇಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ಕಾರಣ, ಕಳೆದ ಸಲ ಬಂದ ಚಿತ್ರದಲ್ಲಿ ಮೊಣಕಾಲುದ್ದ ನೀರೂ ಇತ್ತು, ಅದರ ಮೇಲೆ ಧೂಳೂ ಇತ್ತು.

ಕಾಲ ಮಾರ್ಚ್ ಕೊನೆಯ ವಾರ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲ. ತೋಟದವರು ದಿನವೂ ಆಕಾಶ ನೋಡುತ್ತಿದ್ದಾರೆ, ಹೊಲ ಒಣಗಿ ಕೂತಿದೆ. ಸಮಯ ಸಂಜೆ ಆರು ಗಂಟೆ ಹತ್ತು ನಿಮಿಷ. ಸೂರ್ಯ ಪಡುವಣದ ಗುಡ್ಡದ ಗೆರೆಯಿಂದ ಮೂರು ಬೆರಳಿನಷ್ಟು ಮೇಲಿದ್ದಾನೆ. ನಮ್ಮ ಕಡೆ ಅವನು ಹೆಚ್ಚು ಕಡಿಮೆ ನೇರವಾಗಿಯೇ ಇಳಿಯುವುದರಿಂದ ಈ ಬಣ್ಣ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಚಿತ್ರದಲ್ಲಿ ಆ ಅವಸರ ಕಾಣಲಿ: ಆಕಾಶ ಇನ್ನೂ ಕಿತ್ತಳೆಯಾಗಿಲ್ಲ, ಮೇಲೆ ತಿಳಿನೀಲಿ, ಕೆಳಗಿಳಿದಂತೆ ಮಾಸಿದ ಹಳದಿ. ನೇರಳೆ, ಗುಲಾಬಿ ಬೇಡ. ಗೋಧೂಳಿಗೆ ಇನ್ನೂ ಹೊತ್ತಿದೆ.

ಕ್ಯಾಮೆರಾ ಹೊಲದ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತವನ ಕಣ್ಣಿನ ಮಟ್ಟದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ. ಡ್ರೋನ್ ನೋಟ ಬೇಡ. ಮೇಲಿನಿಂದ ನೋಡಿದರೆ ಧೂಳು ಕಂಬಳಿಯಂತೆ ಹಾಸಿಕೊಂಡು ಬಿಡುತ್ತದೆ, ಎದ್ದು ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಸುಮಾರು ನಲವತ್ತು ಮೀಟರ್ ದೂರದಲ್ಲಿದೆ. 85 ಮಿ.ಮೀ. ಲೆನ್ಸ್, ದ್ವಾರ f/5.6, ವೇಗ ಸೆಕೆಂಡಿನ 500ರಲ್ಲಿ ಒಂದು ಭಾಗ. ಹಾರುವ ಮಣ್ಣಿನ ಕಣಗಳು ಗೀರಾಗದೆ ಚುಕ್ಕಿಯಾಗಿಯೇ ಉಳಿಯಬೇಕು.

ಹೊಲವನ್ನು ಮೊದಲು ಉದ್ದುದ್ದ ಉತ್ತಾಗಿದೆ. ಆ ಸಾಲುಗಳು ನನ್ನ ಕಾಲ ಬುಡದಿಂದ ಹೊರಟು ದೂರದ ಗುಡ್ಡದ ಕಡೆಗೆ ಓಡುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಈಗ ಹೆಂಟೆ ಒಡೆಯಲು ಅಡ್ಡ ಉಳುಮೆ ನಡೆದಿದೆ. ಟ್ರ್ಯಾಕ್ಟರ್ ಬಲದಿಂದ ಎಡಕ್ಕೆ ಆ ಸಾಲುಗಳನ್ನು ಕತ್ತರಿಸುತ್ತಾ ಸಾಗುತ್ತಿದೆ. ಅದು ದಾಟಿ ಹೋದ ಕಡೆ ಪಟ್ಟಿಯೊಂದು ಪುಡಿಪುಡಿಯಾಗಿದೆ, ಮುಂದಿನದು ಇನ್ನೂ ಒರಟಾಗಿದೆ. ಮಣ್ಣು ಕೆಂಪು. ಬಿಸಿಲಿಗೆ ಒಣಗಿದ ಮೇಲ್ಮೈ ಹೆಂಚಿನ ಪುಡಿಯ ಬಣ್ಣ, ಆಗಷ್ಟೇ ಮಗುಚಿದ ಒಳಮೈ ಹುರಿಗಡಲೆ ಸಿಪ್ಪೆಗಿಂತ ಒಂದಿಷ್ಟು ಗಾಢ. ಸೂರ್ಯ ಸ್ವಲ್ಪ ಬಲಕ್ಕಿರುವುದರಿಂದ ಪ್ರತಿ ಸಾಲಿನ ಬಲಮಗ್ಗುಲು ಹೊಳೆಯುತ್ತದೆ, ಎಡಮಗ್ಗುಲು ನೆರಳಲ್ಲಿ ಉಳಿಯುತ್ತದೆ.

ಎದುರಿಗೆ, ಚಿತ್ರದ ಕೆಳಗಿನ ಎಡ ಮೂಲೆಯಲ್ಲಿ, ಒಂದೇ ಒಂದು ಹೆಂಟೆ ಸ್ಪಷ್ಟವಾಗಿ ಕಾಣಲಿ. ತೆಂಗಿನಕಾಯಿ ಗಾತ್ರ. ಅದರಲ್ಲಿ ಹೋದ ವರ್ಷದ ಮುಸುಕಿನ ಜೋಳದ ಕೂಳೆಯೊಂದು ಸಿಕ್ಕಿಕೊಂಡಿದೆ, ಬೇರುಗಳು ಬಿಳಿದಾರದಂತೆ ಹೊರಗೆ ಜೋತುಬಿದ್ದಿವೆ, ಒಂದು ಬೇರಿನ ತುದಿಗೆ ರಾಗಿ ಕಾಳಿನಷ್ಟು ಮಣ್ಣು ಅಂಟಿದೆ. ಹಿಂದಿನಿಂದ ಬಿದ್ದ ಬೆಳಕಿಗೆ ಆ ಬೇರುಗಳ ಅಂಚು ಮಾತ್ರ ಮಿನುಗಲಿ.

ಟ್ರ್ಯಾಕ್ಟರ್ ಹಳೆಯದು, ಮೂವತ್ತೈದು ನಲವತ್ತು ಅಶ್ವಶಕ್ತಿಯ ಅಳತೆ, ಬಾನೆಟ್ಟಿನ ಕೆಂಪು ಬಣ್ಣ ಮಾಸಿದೆ. ಕ್ಯಾಬಿನ್ ಇಲ್ಲ. ಹಿಂದಿನ ಚಕ್ರ ದೊಡ್ಡದು, ಮುಂದಿನದು ಅದರ ಅರ್ಧಕ್ಕಿಂತ ಸ್ವಲ್ಪ ಎತ್ತರ. ನಾಲ್ಕೂ ಒಂದೇ ಅಳತೆಯಾದರೆ ಅದು ಬೇರೆ ದೇಶದ ಯಂತ್ರವಾಗುತ್ತದೆ. ಹೊಗೆ ಕೊಳವೆ ಬಾನೆಟ್ಟಿನ ಪಕ್ಕ ನೆಟ್ಟಗೆ ನಿಂತಿದೆ, ತುದಿಯಲ್ಲಿ ತೆಳುವಾದ ಕಪ್ಪು ಹೊಗೆ. ಹಿಂದೆ ಒಂಬತ್ತು ಹಲ್ಲಿನ ಕಲ್ಟಿವೇಟರ್, ಹಲ್ಲುಗಳು ಅರ್ಧದಷ್ಟು ಮಣ್ಣಿನೊಳಗೆ. ಕಂಪನಿಯ ಹೆಸರಾಗಲಿ ಲಾಂಛನವಾಗಲಿ ಬೇಡ. ನಂಬರ್ ಪ್ಲೇಟಿಗೆ ಧೂಳು ಮೆತ್ತಿಕೊಂಡಿರಲಿ. ಕನ್ನಡ ಅಕ್ಷರಗಳನ್ನು ಈ ಚಿತ್ರ ಬಿಡಿಸುವ ಯಂತ್ರಗಳು ಬರೆಯುವ ಚೆಂದ ನೋಡಿದ ಮೇಲೆ ಚಿತ್ರದಲ್ಲಿ ಎಲ್ಲಿಯೂ ಅಕ್ಷರವೇ ಬೇಡ ಎಂದು ತೀರ್ಮಾನಿಸಿದ್ದೇನೆ.

ನಡೆಸುವವರು ಐವತ್ತೈದರ ಆಸುಪಾಸಿನ ರೈತ. ಮಾಸಿದ ಬಿಳಿ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಧೂಳಿಗೆ ಅಡ್ಡವಾಗಿ ತಲೆ ಕಿವಿ ಸುತ್ತಿದ ಟವೆಲ್. ಮುಂದೆ ನೋಡುತ್ತಿಲ್ಲ, ಒಂದು ಕೈ ಸ್ಟೀರಿಂಗ್ ಮೇಲೆ, ಮೈ ಅರ್ಧ ತಿರುಗಿಸಿ ಕಲ್ಟಿವೇಟರಿನ ಹಲ್ಲಿಗೆ ಕಲ್ಲು ಸಿಕ್ಕಿತೇನೋ ಎಂದು ಹಿಂದೆ ನೋಡುತ್ತಿದ್ದಾರೆ. ಉಳುವವರು ಹೀಗೆಯೇ ಕೂರುವುದು. ನಗು ಬೇಡ, ಕ್ಯಾಮೆರಾದತ್ತ ನೋಟ ಬೇಡ. ರಾಜಸ್ಥಾನದ ಬಣ್ಣದ ಪೇಟ ಬೇಡ. ಕೊಡಗು ಎಂದಿದ್ದಕ್ಕೆ ಕಪ್ಪು ಕುಪ್ಪಸ ತೊಡಿಸಿ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸುವುದೂ ಬೇಡ. ಅದು ಮದುವೆ, ಹಬ್ಬದ ಉಡುಪು, ಯಾರೂ ಅದನ್ನು ತೊಟ್ಟು ಹೊಲ ಉಳುವುದಿಲ್ಲ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಬಾರದು. ನೋಡಲು ಚೆಂದ, ಆದರೆ ಸಂಘದ ಕ್ಯಾಲೆಂಡರ್ ಅದನ್ನು ಕಲಿಸಬಾರದು.

ಈಗ ಧೂಳು. ಚಿತ್ರದ ಜೀವ ಇಲ್ಲಿದೆ, ಕೆಡುವುದೂ ಇಲ್ಲಿಯೇ. ಉಳುವ ಟ್ರ್ಯಾಕ್ಟರ್ ಗಂಟೆಗೆ ಐದಾರು ಕಿಲೋಮೀಟರ್ ಹೋಗುತ್ತದೆ, ಜೋರಾಗಿ ನಡೆಯುವ ಮನುಷ್ಯನ ವೇಗ. ಆದ್ದರಿಂದ ರ‍್ಯಾಲಿ ಕಾರಿನ ಹಿಂದೆ ಏಳುವ ಬಾಲದಂತಹ ಧೂಳು ಸುಳ್ಳು. ಧೂಳು ಎರಡು ಕಡೆ ಹುಟ್ಟಲಿ: ಹಿಂದಿನ ಚಕ್ರದ ಗುಬಟುಗಳು ಮಣ್ಣನ್ನು ಬಿಟ್ಟು ಮೇಲೇಳುವಲ್ಲಿ, ಮತ್ತು ಕಲ್ಟಿವೇಟರಿನ ಹಲ್ಲುಗಳ ಹಿಂದೆ. ಹುಟ್ಟುವಲ್ಲಿ ಅದು ದಟ್ಟ, ತಗ್ಗು, ಬಹುತೇಕ ಕಂದು, ಎರಡಡಿಗಿಂತ ಎತ್ತರವಿಲ್ಲ. ದಪ್ಪ ಕಣಗಳು ಅಲ್ಲೇ ಉದುರಿಬಿಡುತ್ತವೆ, ಹಾಗಾಗಿ ಹಲ್ಲುಗಳ ಹತ್ತಿರ ಬೀಳುತ್ತಿರುವ ಒಂದೊಂದೇ ಕಣ ಕಾಣಲಿ. ನಯವಾದ ಪುಡಿ ಮಾತ್ರ ಮೇಲೇರುತ್ತದೆ: ಹತ್ತು ಹದಿನೈದು ಅಡಿ ಹಿಂದಕ್ಕೆ ಹೋಗುವಷ್ಟರಲ್ಲಿ ಚಾಲಕರ ತಲೆಯ ಎತ್ತರ, ಆಮೇಲೆ ತೆಳ್ಳಗಾಗುತ್ತಾ ಎಡದಿಂದ ಬೀಸುವ ಮೆಲುಗಾಳಿಗೆ ಬಲಕ್ಕೆ ವಾಲುತ್ತಾ ಮೂವತ್ತು ಮೀಟರ್ ದೂರದವರೆಗೆ ಹರಡುತ್ತದೆ. ಹಿಂದಿನ ಸುತ್ತಿನಲ್ಲಿ ಎದ್ದ ಧೂಳು ಇನ್ನೂ ಪೂರ್ತಿ ಕೂತಿಲ್ಲ; ದೂರದಲ್ಲಿ, ಮೊಣಕಾಲೆತ್ತರದಲ್ಲಿ, ಅದು ನೆಲದ ಮೇಲೆ ಹಾಲಿನ ಕೆನೆಯಂತೆ ತೆಳುವಾಗಿ ತೇಲುತ್ತಿರಲಿ.

ಸೂರ್ಯ ಇರುವುದು ಆ ಧೂಳಿನ ಹಿಂದೆ, ಚಿತ್ರದ ಬಲ ಮೂರನೇ ಭಾಗದಲ್ಲಿ. ಬೆಳಕು ಧೂಳಿನ ಹಿಂದಿನಿಂದ ನಮ್ಮ ಕಡೆಗೆ ಬಂದಾಗ ಮಾತ್ರ ಅದು ಬಂಗಾರವಾಗುತ್ತದೆ. ಸೂರ್ಯ ನಮ್ಮ ಬೆನ್ನಿಗಿದ್ದರೆ ಅದೇ ಧೂಳು ಬರೀ ಕೊಳೆ. ಬಿಂಬ ತುಂಬಾ ಸ್ಪಷ್ಟವಾಗದೆ ಧೂಳಿನ ಪರದೆಯೊಳಗೆ ಮಸುಕಾಗಿರಲಿ. ಟ್ರ್ಯಾಕ್ಟರ್ ಪೂರ್ತಿ ಕರಿನೆರಳಾಗಬಾರದು: ಅಂಚಿಗೆ ಹೊಂಬಣ್ಣದ ಗೆರೆ, ಈಚೆಯ ಮಗ್ಗುಲಲ್ಲಿ ಬಾನೆಟ್ಟಿನ ಕೆಂಪು ಗುರುತಿಸುವಷ್ಟು ಬೆಳಕು. ನೆರಳುಗಳೆಲ್ಲ ನಮ್ಮ ಕಡೆಗೆ, ಸ್ವಲ್ಪ ಎಡಕ್ಕೆ ವಾಲಿ, ಎತ್ತರದ ಎಂಟೊಂಬತ್ತು ಪಟ್ಟು ಉದ್ದ. ಟ್ರ್ಯಾಕ್ಟರಿನ ನೆರಳು ಸಾಲುಗಳ ಮೇಲೆ ಏರಿ ಇಳಿದು ಅಂಕುಡೊಂಕಾಗಿ ಬರಲಿ. ನೆಲ ಸಮವಿಲ್ಲ, ನೆರಳು ಮಾತ್ರ ನೆಟ್ಟಗಿರುವುದು ಹೇಗೆ?

ಪುಡಿಯಾದ ಪಟ್ಟಿಯ ಮೇಲೆ ಏಳೆಂಟು ಬೆಳ್ಳಕ್ಕಿ, ಹುಳ ಹೆಕ್ಕುತ್ತಾ. ಎರಡು ಹಾರುತ್ತಿವೆ, ರೆಕ್ಕೆಯೊಳಗಿಂದ ಬೆಳಕು ಹಾಯುತ್ತಿದೆ. ಹಿನ್ನೆಲೆಯಲ್ಲಿ ಬದುವಿನ ಸಾಲಿಗೆ ಹೊಂಗೆ, ಒಂದು ಮಾವು, ನಾಲ್ಕೈದು ತೆಂಗು, ಮಂಗಳೂರು ಹೆಂಚಿನ ಒಂದು ಪಂಪ್‌ಸೆಟ್ ಮನೆ, ಅದಕ್ಕೆ ಬಂದ ವಿದ್ಯುತ್ ತಂತಿ. ತಂತಿಯನ್ನು ಅಳಿಸಬೇಡಿ ಎಂದು ವಿಶೇಷವಾಗಿ ಹೇಳುತ್ತಿದ್ದೇನೆ, ಅದರ ಮೇಲೆ ಒಂದು ಕಾಜಾಣ ಕೂತಿದೆ. ಎಲ್ಲಕ್ಕೂ ಹಿಂದೆ ಮಡಿಕೇರಿ ಕಡೆಯ ಗುಡ್ಡಗಳು, ಮೂರು ಪದರ, ಒಂದಕ್ಕಿಂತ ಒಂದು ಮಸುಕಾದ ನೀಲಿ. ತಗ್ಗಾಗಿರಲಿ, ಹಿಮಾಲಯವಾಗಬಾರದು.

ಎರಡನೆಯ ಚಿತ್ರ, ಇದೇ ಹೊಲ, ಇದೇ ಬೆಳಕು, ಟ್ರ್ಯಾಕ್ಟರಿನ ಬದಲು ಎತ್ತಿನ ಗಾಡಿ. ಸಂಘದ ಹಿರಿಯರಿಗೆ ಇದೇ ಇಷ್ಟ. ಉತ್ತ ಹೊಲಕ್ಕೆ ಗಾಡಿ ಸುಮ್ಮನೆ ಇಳಿಯುವುದಿಲ್ಲ, ಅದಕ್ಕೊಂದು ಕೆಲಸ ಬೇಕು: ಕೊಟ್ಟಿಗೆ ಗೊಬ್ಬರ ಹೊಡೆದು ಖಾಲಿಯಾಗಿ ಮರಳುತ್ತಿದೆ. ಹಿಂದೆ ಹೊಲದಲ್ಲಿ ಸಮ ಅಂತರಕ್ಕೆ ಸುರಿದ ಗೊಬ್ಬರದ ಗುಪ್ಪೆಗಳು, ಕಪ್ಪಗೆ, ಆಳೆತ್ತರದ ಅರ್ಧದಷ್ಟು. ಹಳ್ಳಿಕಾರ್ ತಳಿಯ ಎರಡು ಎತ್ತು, ಬೂದು ಮೈ, ಹಿಂದಕ್ಕೆ ಬಾಗಿ ತುದಿ ಮೇಲೆದ್ದ ನೀಳ ಕೊಂಬು. ನೊಗ ಎರಡೂ ಎತ್ತುಗಳ ಹೆಗಲ ಮೇಲೆ, ಇಣಿಯ ಮುಂದೆ. ಹಣೆಗೂ ಅಲ್ಲ, ಬೆನ್ನಿಗೂ ಅಲ್ಲ. ನಡುವೆ ಗಾಡಿಯ ಮೂಕಿ. ಮೂಗುದಾರದಿಂದ ಹೊರಟ ಹಗ್ಗ ಗಾಡಿ ಹೊಡೆಯುವವರ ಕೈಯಲ್ಲಿ ಕೊನೆಗೊಳ್ಳಲಿ, ಗಾಳಿಯಲ್ಲಿ ಮಾಯವಾಗಬಾರದು. ಕಾಲುಗಳನ್ನು ಎಣಿಸಿ ನೋಡುತ್ತೇವೆ: ಎಂಟು. ಹಿಂದೊಮ್ಮೆ ಒಂಬತ್ತು ಬಂದಿದ್ದವು.

ಇಂದು ಓಡುವುದು ಹೆಚ್ಚಾಗಿ ಟೈರ್ ಗಾಡಿಯೇ, ಆದರೂ ಈ ಚಿತ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿ ಇರಲಿ. ಹಿಂದಿನಿಂದ ಬರುವ ಬೆಳಕು ಅರೆಕಾಲುಗಳ ನಡುವೆ ತುಂಡುತುಂಡಾಗಿ ಹಾಯಬೇಕು. ಗಾಡಿ ಟ್ರ್ಯಾಕ್ಟರಿಗಿಂತ ನಿಧಾನ, ಹಾಗಾಗಿ ಧೂಳು ಗಾಲಿಯ ನಡುಮಟ್ಟವನ್ನು ಮೀರಬಾರದು: ಎರಡು ಗಾಲಿಯಿಂದ ಎರಡು ತೆಳು ಎಳೆ, ಎತ್ತಿನ ಗೊರಸು ಎತ್ತಿದಲ್ಲೆಲ್ಲ ಒಂದೊಂದು ಸಣ್ಣ ಉಬ್ಬು. ಎತ್ತುಗಳ ಮೂತಿ ಸ್ವಲ್ಪ ತಗ್ಗಿರಲಿ, ದಣಿದಿವೆ. ಹೊಡೆಯುವವರು ಮೂಕಿಯ ಬುಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ, ಬಾರುಕೋಲು ತೊಡೆಯ ಮೇಲೆ ಅಡ್ಡ ಮಲಗಿದೆ.

ಎರಡಕ್ಕೂ: ತೈಲವರ್ಣದ ಛಾಯೆ ಬೇಡ, ಬಣ್ಣವನ್ನು ಉಬ್ಬಿಸುವುದು ಬೇಡ, ಸೂರ್ಯನಿಂದ ಹೊರಡುವ ನಕ್ಷತ್ರಾಕಾರದ ಕಿರಣ ಬೇಡ. ಟ್ರ್ಯಾಕ್ಟರ್ ಚಿತ್ರವನ್ನು ಮೊದಲು ನಾಲ್ಕು ಬಗೆಯಲ್ಲಿ ಕೊಡಿ. ನಾಲ್ಕರಲ್ಲೂ ಉಳಿದೆಲ್ಲ ಒಂದೇ ಇದ್ದು ಧೂಳಿನ ದಟ್ಟಣೆ ಮಾತ್ರ ಬದಲಾಗಲಿ, ಮೊದಲನೆಯದರಲ್ಲಿ ಹಿಂದಿನ ಹೊಂಗೆ ಮರಗಳು ಸ್ಪಷ್ಟವಾಗಿ ಕಾಣುವಷ್ಟು ತೆಳು, ನಾಲ್ಕನೆಯದರಲ್ಲಿ ಪಂಪ್‌ಸೆಟ್ ಮನೆ ಮುಚ್ಚಿಹೋಗುವಷ್ಟು ದಟ್ಟ.