ಮೋತಿಬಿಂದು ಆಪರೇಷನ್ ಆದ ಮೇಲೆ ಮನೆಯಲ್ಲಿ ಕಣ್ಣಿನ ಆರೈಕೆ

ಕಣ್ಣಿನ ವಾರ್ಡ್, ಕಲಬುರಗಿ. ಸೋಮವಾರ ಆಪರೇಷನ್ ಆಗಿ, ಮಂಗಳವಾರ ಪಟ್ಟಿ ಬಿಚ್ಚಿಸಿಕೊಂಡು ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯ ಊರುಗಳಿಗೆ ಹೊರಟಿರುವವರಿಗೆ

ಈ ಹಾಳೆಯನ್ನು ಮನೆಯಲ್ಲಿ ಓದಲು ಬರುವವರು ಆಪರೇಷನ್ ಆದವರ ಮುಂದೆ ಕೂತು ಜೋರಾಗಿ ಓದಿ ಹೇಳಿ. ಹನಿ ಹಾಕುವವರು ಯಾರು ಎಂಬುದನ್ನು ಇವತ್ತೇ ಗೊತ್ತು ಮಾಡಿ. ಮಗ, ಸೊಸೆ, ಮೊಮ್ಮಗಳು, ಯಾರಾದರೂ ಸರಿ. ದಿನಾ ಒಬ್ಬರೇ ಹಾಕಿದರೆ ತಪ್ಪು ಕಡಿಮೆ.

ನಿಮ್ಮ ಕಣ್ಣೊಳಗಿನ ಪೊರೆ ತೆಗೆದು ಲೆನ್ಸ್ ಕೂಡಿಸಿದ್ದೇವೆ. ಹೊಲಿಗೆ ಹಾಕಿಲ್ಲ. ಸಣ್ಣ ಗಾಯ, ಅದು ತಾನೇ ಕೂಡಿಕೊಳ್ಳುತ್ತದೆ. ಆದರೆ ಅದು ಗಟ್ಟಿಯಾಗುವವರೆಗೆ ಕಣ್ಣು ಒತ್ತಬಾರದು, ಉಜ್ಜಬಾರದು, ಹೊಲಸು ನೀರು ತಾಗಬಾರದು. ಕೆಳಗೆ ಹೇಳಿದ್ದೆಲ್ಲ ಇದಕ್ಕಾಗಿಯೇ.

ಹನಿ ಹಾಕುವುದು

ಎರಡು ಬಾಟಲಿ ಕೊಟ್ಟಿದ್ದೇವೆ. ಓದಲು ಬಾರದವರಿಗೂ ಗುರುತು ಸಿಗಲಿ ಎಂದು ಒಂದಕ್ಕೆ ಹಸಿರು ದಾರ, ಇನ್ನೊಂದಕ್ಕೆ ಕೆಂಪು ದಾರ ಕಟ್ಟಿದ್ದೇವೆ. ದಾರ ಬಿಚ್ಚಬೇಡಿ.

ಹಸಿರು ದಾರದ್ದು ಮಾಕ್ಸಿಫ್ಲಾಕ್ಸಸಿನ್. ಸೋಂಕು ತಡೆಯುವ ಔಷಧ. ದಿನಕ್ಕೆ 4 ಸಲ: ಬೆಳಿಗ್ಗೆ 7, ಮಧ್ಯಾಹ್ನ 1, ಸಂಜೆ 7, ರಾತ್ರಿ 10. ಎರಡು ವಾರ ಹಾಕಿ ನಿಲ್ಲಿಸಿ.

ಕೆಂಪು ದಾರದ್ದು ಪ್ರೆಡ್ನಿಸೊಲೋನ್. ಬಾವು ಇಳಿಸುವ ಸ್ಟಿರಾಯ್ಡ್. ಔಷಧ ಬಾಟಲಿಯ ತಳದಲ್ಲಿ ಕೂತಿರುತ್ತದೆ, ಅದಕ್ಕೆ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿಯೇ ಹಾಕಬೇಕು. ಮೊದಲ ವಾರ ದಿನಕ್ಕೆ 6 ಸಲ: ಬೆಳಿಗ್ಗೆ 7, 10, ಮಧ್ಯಾಹ್ನ 1, ಸಂಜೆ 4, 7, ರಾತ್ರಿ 10. ಎರಡನೇ ವಾರ 5 ಸಲ, ಮೂರನೇ ವಾರ 4 ಸಲ, ಹೀಗೆ ವಾರಕ್ಕೆ ಒಂದು ಸಲ ಇಳಿಸುತ್ತ ಆರನೇ ವಾರಕ್ಕೆ ದಿನಕ್ಕೆ ಒಂದೇ ಸಲ. ಕಣ್ಣು ಛಲೋ ಕಾಣುತ್ತಿದೆ ಎಂದು ನಡುವೆ ಬಿಟ್ಟರೆ ಒಳಗಿನ ಬಾವು ತಿರುಗಿ ಬರುತ್ತದೆ. ಆರು ವಾರ ಮುಗಿದ ಮೇಲೆ ನಿಮ್ಮಷ್ಟಕ್ಕೆ ಮೆಡಿಕಲ್ ಅಂಗಡಿಯಿಂದ ತಂದು ಮುಂದುವರಿಸಲೂಬೇಡಿ. ಸ್ಟಿರಾಯ್ಡ್ ಹನಿಯನ್ನು ಲೆಕ್ಕವಿಲ್ಲದೆ ಹಾಕಿದರೆ ಕಣ್ಣಿನ ಒತ್ತಡ ಏರಿ ನರ ಕೆಡುತ್ತದೆ, ಕೆಟ್ಟ ನರ ಮತ್ತೆ ಸರಿಯಾಗುವುದಿಲ್ಲ.

ಎರಡೂ ಒಂದೇ ಹೊತ್ತಿಗೆ ಬಂದಾಗ ಮೊದಲು ಹಸಿರು, 5 ನಿಮಿಷ ಬಿಟ್ಟು ಕೆಂಪು. ಕೂಡಲೇ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದು ಹೊರಗೆ ಕಳಿಸುತ್ತದೆ.

ಹಾಕುವ ರೀತಿ ಹೀಗೆ. ಸೋಪು ಹಚ್ಚಿ ಕೈ ತೊಳೆಯಿರಿ. ಅಜ್ಜನನ್ನೋ ಅವ್ವನನ್ನೋ ಮಲಗಿಸಿ, ಇಲ್ಲವೇ ಕುರ್ಚಿಯಲ್ಲಿ ಕೂಡಿಸಿ ತಲೆ ಹಿಂದಕ್ಕೆ ಮಾಡಿಸಿ, ಮೇಲೆ ನೋಡಲು ಹೇಳಿ. ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದರೆ ಪುಟ್ಟ ಜೇಬಿನಂತೆ ಆಗುತ್ತದೆ, ಅದರೊಳಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೂ ತಾಗಬಾರದು, ಬೆರಳಿಗೂ ತಾಗಬಾರದು. ಆಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿಕೊಂಡಿರಲಿ. ಹನಿ ಹೊರಗೆ ಬಿತ್ತು ಅನಿಸಿದರೆ ಇನ್ನೊಂದು ಹಾಕಿ, ತೊಂದರೆ ಇಲ್ಲ.

ಹೊರಗೆ ಹರಿದ ನೀರನ್ನು ಏನಿಂದ ಒರೆಸುತ್ತೀರಿ ಎಂಬುದು ಬಹಳ ಮುಖ್ಯ. ಹೊತ್ತಿಗೆ ಸರಿಯಾಗಿ ಹನಿ ಹಾಕಿಸಿಕೊಂಡ ಅವ್ವನೊಬ್ಬಳು ಪ್ರತಿ ಸಲ ಸೆರಗಿನ ತುದಿಯಿಂದಲೇ ಕಣ್ಣು ಒರೆಸಿಕೊಂಡಿದ್ದಳು. ಆ ಸೆರಗಿನಲ್ಲೇ ರೊಟ್ಟಿ ಹಂಚು ಹಿಡಿದದ್ದು, ಮೊಮ್ಮಗುವಿನ ಮೂಗು ಒರೆಸಿದ್ದು. ನಾಲ್ಕನೇ ದಿನ ಕಣ್ಣು ಕೆಂಪಗಾಗಿ, ಕೀವು ಕಟ್ಟಿ ಬಂದಳು. ಸೆರಗು, ಟವಲ್, ಧೋತರದ ಚುಂಗು ಯಾವುದೂ ಕಣ್ಣಿಗೆ ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಶುದ್ಧ ಹತ್ತಿ ಅದ್ದಿ, ಹಿಂಡಿ, ರೆಪ್ಪೆಯ ಹೊರಗಷ್ಟೇ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದು ಸಲ ಒರೆಸಿ, ಆ ಹತ್ತಿಯನ್ನು ಎಸೆಯಿರಿ.

ನಮ್ಮ ಕಡೆಯ ಬಿಸಿಲಿಗೆ ಬಾಟಲಿಯನ್ನು ಕಿಟಕಿಯಲ್ಲಿ, ಪತ್ರಾಸ್ ಕೆಳಗಿನ ಗೂಡಿನಲ್ಲಿ ಇಡಬೇಡಿ. ನೀರಿನ ಕೊಡದ ಪಕ್ಕದ ತಂಪು ಜಾಗ ಸಾಕು. ತೆರೆದ ಬಾಟಲಿ ನಾಲ್ಕು ವಾರಕ್ಕಿಂತ ಹೆಚ್ಚು ಬಳಸಬಾರದು, ತಿಂಗಳ ತಪಾಸಣೆಗೆ ಬಂದಾಗ ಕೆಂಪು ದಾರದ ಹೊಸ ಬಾಟಲಿ ಕೊಡುತ್ತೇವೆ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಹಾಕಬೇಡಿ, ಮನೆಯಲ್ಲಿ ಇಬ್ಬರಿಗೂ ಆಪರೇಷನ್ ಆಗಿದ್ದರೂ.

ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಗುಲಾಬಿ ನೀರು, ಕಾಡಿಗೆ ಯಾವುದನ್ನೂ ಹಾಕಬೇಡಿ. ಹಿರಿಯರು ಪ್ರೀತಿಯಿಂದ ಹೇಳುತ್ತಾರೆ, ಆದರೆ ಹಸಿ ಗಾಯವಿರುವ ಕಣ್ಣಿಗೆ ಇವು ಅಪಾಯ.

ಕಣ್ಣಿನ ಮುಚ್ಚಳ ಮತ್ತು ಕಪ್ಪು ಕನ್ನಡಕ

ತೂತುಗಳಿರುವ ಪ್ಲಾಸ್ಟಿಕ್ ಮುಚ್ಚಳ ನಿದ್ದೆಗಾಗಿ. ನಿದ್ದೆಯಲ್ಲಿ ಕೈ ತಾನೇ ಕಣ್ಣಿಗೆ ಹೋಗುತ್ತದೆ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಮಾತ್ರವಲ್ಲ, ಮಧ್ಯಾಹ್ನ ಅರ್ಧ ತಾಸು ಅಡ್ಡಾದರೂ ಹಾಕಬೇಕು. ಎರಡು ವಾರ. ಅಂಚು ಹುಬ್ಬಿನ ಎಲುಬಿಗೂ ಕೆನ್ನೆಯ ಎಲುಬಿಗೂ ಆನಿಸಿ ಕೂರಲಿ, ಕಣ್ಣನ್ನು ಮುಟ್ಟಬಾರದು. ಹಣೆಯಿಂದ ಕೆನ್ನೆಗೆ ಓರೆಯಾಗಿ ಟೇಪ್ ಅಂಟಿಸಿ. ಒಳಗೆ ಹತ್ತಿ ತುಂಬಬೇಡಿ. ದಿನಾ ಬೆಳಿಗ್ಗೆ ಸೋಪಿನಿಂದ ತೊಳೆದು ಒಣಗಿಸಿ ಇಡಿ. ಆಪರೇಷನ್ ಆದ ಕಡೆಯ ಮಗ್ಗುಲಿಗೆ ಮಲಗಬೇಡಿ.

ಹಗಲಲ್ಲಿ ಎಚ್ಚರವಿದ್ದಾಗ ಕಪ್ಪು ಕನ್ನಡಕ. ಬೆಳಕು ಚುಚ್ಚುವುದಿಲ್ಲ, ಧೂಳೂ ತಡೆಯುತ್ತದೆ.

ಏನು ಮಾಡಬಹುದು, ಏನು ಬೇಡ

ನಡೆದಾಡಿ, ಟಿವಿ ನೋಡಿ, ಮೊಬೈಲ್ ನೋಡಿ, ಎಲ್ಲವನ್ನೂ ಉಣ್ಣಿ. ಬ್ಯಾಳಿ, ಹುಳಿ, ತತ್ತಿ ತಿಂದರೆ ಕೀವಾಗುತ್ತದೆ ಎಂಬುದು ಸುಳ್ಳು. ಶುಗರ್, ಬಿಪಿ ಗುಳಿಗೆ ಒಂದು ದಿನವೂ ಬಿಡಬೇಡಿ. ಶುಗರ್ ಏರಿದರೆ ಗಾಯ ಮಾಯುವುದು ತಡ, ಸೋಂಕೂ ಬೇಗ ಹತ್ತುತ್ತದೆ. ಕೆಮ್ಮು, ಮಲಬದ್ಧತೆ ಇದ್ದರೆ ಹೇಳಿ ಔಷಧ ತಗೊಳ್ಳಿ, ಮುಕ್ಕರಿದರೆ ಕಣ್ಣಿಗೆ ಒತ್ತಡ ಬೀಳುತ್ತದೆ.

ಕುತ್ತಿಗೆಯಿಂದ ಕೆಳಗೆ ಸ್ನಾನ ದಿನಾ ಮಾಡಬಹುದು. ತಲೆಸ್ನಾನ 10 ದಿನ ಬೇಡ. ಗಾಣಗಾಪುರದ ಸಂಗಮಕ್ಕೆ ಹೋದರೂ ಒಂದು ತಿಂಗಳು ಮುಳುಗು ಹಾಕಬೇಡಿ, ದರ್ಶನ ಮಾಡಿ ಬನ್ನಿ. ಬಾವಿ, ಕೆರೆ, ಕಾಲುವೆಯ ನೀರೂ ಅಷ್ಟೇ.

ನೀರಿನ ಕೊಡ, ಜೋಳದ ಚೀಲ, ಮೊಮ್ಮಕ್ಕಳನ್ನು ಎತ್ತುವುದು ಒಂದು ತಿಂಗಳು ಬೇಡ. ಎರಡು ವಾರ ಕಟ್ಟಿಗೆ ಒಲೆಯ ಮುಂದೆ ಕೂಡಬೇಡಿ, ರೊಟ್ಟಿ ಬೇರೆಯವರು ಬಡಿಯಲಿ. ತೊಗರಿ ರಾಶಿ ನಡೆದಿದ್ದರೆ ಕಣದ ಕಡೆ ಒಂದು ತಿಂಗಳು ಹೋಗಬೇಡಿ, ಆ ಹೊಟ್ಟಿನ ಧೂಳು ಕನ್ನಡಕ ದಾಟಿ ಕಣ್ಣಿಗೆ ಬರುತ್ತದೆ. ತಲೆ ಬಗ್ಗಿಸುವುದು ಎರಡು ವಾರ ಬೇಡ: ದೇವರಿಗೆ ನಿಂತೇ ಕೈ ಮುಗಿಯಿರಿ, ನಮಾಜ್ ಮಾಡುವವರು ಕುರ್ಚಿಯಲ್ಲಿ ಕೂತು ಸನ್ನೆಯಲ್ಲಿ ಸಜ್ದಾ ಮಾಡಿ. ಬೈಕ್, ಟ್ರ್ಯಾಕ್ಟರ್ ಓಡಿಸುವುದು ಡಾಕ್ಟರ್ ಹೇಳಿದ ಮೇಲೆಯೇ.

ಕೂಡಲೇ ಬರಬೇಕಾದ ಲಕ್ಷಣಗಳು

ಮೊದಲ ಕೆಲವು ದಿನ ಸ್ವಲ್ಪ ಹರಳು ಚುಚ್ಚಿದಂತೆ ಆಗುವುದು, ನೀರು ಬರುವುದು, ಸ್ವಲ್ಪ ಕೆಂಪು ಇರುವುದು, ಬಣ್ಣಗಳು ನೀಲಿಯಾಗಿ ಕಾಣುವುದು ಸಹಜ. ಇವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು, ಹೆಚ್ಚಾಗಬಾರದು.

ಪ್ರತಿ ಬೆಳಿಗ್ಗೆ ಒಂದೇ ಜಾಗದಲ್ಲಿ ನಿಂತು, ಇನ್ನೊಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮರೆ ಮಾಡಿ, ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿ ನೋಡಿ. ನಿನ್ನೆ ಕಂಡ ಅಂಕಿ ಇವತ್ತು ಮಂಜಾಗಿದ್ದರೆ ಕಾಯಬೇಡಿ.

ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾದರೆ ರಾತ್ರಿಯೇ ಬನ್ನಿ: ನೋವು ಹೆಚ್ಚುತ್ತಿದೆ; ದೃಷ್ಟಿ ಇಳಿಯುತ್ತಿದೆ; ಕೆಂಪು ಏರುತ್ತಿದೆ; ಹಳದಿ ಅಥವಾ ಬಿಳಿ ಕೀವು ಬರುತ್ತಿದೆ; ರೆಪ್ಪೆ ಬಾತಿದೆ; ಬೆಳಕು ನೋಡಲು ಆಗುತ್ತಿಲ್ಲ; ಕಣ್ಣು ನೋವಿನ ಜೊತೆ ತಲೆನೋವು, ವಾಂತಿ ಇದೆ; ಮಿಂಚು ಹೊಡೆದಂತೆ, ಕಪ್ಪು ಚುಕ್ಕೆ ಸುರಿದಂತೆ, ಪರದೆ ಇಳಿದಂತೆ ಕಾಣುತ್ತಿದೆ; ಕಣ್ಣಿಗೆ ಪೆಟ್ಟು ಬಿದ್ದಿದೆ.

ಕಣ್ಣಿನ ಒಳಗೆ ಸೋಂಕು ಆಗುವುದು ಅಪರೂಪ, ಆದರೆ ಆದಾಗ ಹೆಚ್ಚಾಗಿ ಮೊದಲ ವಾರದಲ್ಲೇ ಕಾಣಿಸುತ್ತದೆ. ಅದಕ್ಕೆ ಕಣ್ಣೊಳಗೇ ಇಂಜೆಕ್ಷನ್ ಕೊಡಬೇಕಾಗುತ್ತದೆ. ಬೇಗ ಬಂದವರ ದೃಷ್ಟಿ ಉಳಿಸುವ ಅವಕಾಶ ಹೆಚ್ಚು, ಒಂದು ದಿನ ತಡವಾದರೂ ಕೈ ಮೀರಬಹುದು. ಬೆಳಗಿನ ಬಸ್ಸಿಗೆ ಹೋದರಾಯಿತು, ಸಂತೆ ಮುಗಿಸಿ ಹೋದರಾಯಿತು ಎನ್ನಬೇಡಿ. ಮಗ ಪುಣೆ, ಮುಂಬೈಗೆ ದುಡಿಯಲು ಹೋಗಿದ್ದರೆ ಅವನು ಬರಲಿ ಎಂದೂ ಕಾಯಬೇಡಿ, ನೆರೆಯವರನ್ನು ಕರೆದುಕೊಂಡು ಬನ್ನಿ. ನೋವಿನ ಗುಳಿಗೆ ನುಂಗಿ ಮಲಗಬೇಡಿ. ಡಿಸ್ಚಾರ್ಜ್ ಚೀಟಿಯ ಮೇಲಿನ ನಂಬರಿಗೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಮುಚ್ಚಳ ಹಾಕಿಕೊಂಡು, ಬಾಟಲಿಗಳನ್ನು ಹಿಡಿದುಕೊಂಡು ಬನ್ನಿ.

ತಪಾಸಣೆ

ಮುಂದಿನ ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಮೊದಲ ತಪಾಸಣೆ, ಅಲ್ಲಿಂದ ಮೂರು ವಾರಕ್ಕೆ ಎರಡನೆಯದು. ಆರು ವಾರವಾದ ಮೇಲೆ ಕನ್ನಡಕದ ನಂಬರ್ ಕೊಡುತ್ತೇವೆ, ಅದಕ್ಕೂ ಮೊದಲು ಅಂಗಡಿಯಲ್ಲಿ ಮಾಡಿಸಬೇಡಿ, ನಂಬರ್ ಇನ್ನೂ ಬದಲಾಗುತ್ತಿರುತ್ತದೆ. ಬರುವಾಗ ಡಿಸ್ಚಾರ್ಜ್ ಚೀಟಿ, ಎರಡೂ ಬಾಟಲಿ, ಶುಗರ್ ಇದ್ದವರು ಹೊಸ ರಿಪೋರ್ಟ್ ತನ್ನಿ. ಹನಿ ಹಾಕುವವರೂ ಜೊತೆಗೆ ಬರಲಿ. ಅವರ ಕೈಯಿಂದ ನಮ್ಮ ಮುಂದೆ ಒಂದು ಸಲ ಹಾಕಿಸಿ ನೋಡುತ್ತೇವೆ.