ಅಪ್ಪಯ್ಯನವರ ಮುಂದಿನ ಆರೈಕೆಯ ಬಗ್ಗೆ

ಶಿವಮೊಗ್ಗ
ಜುಲೈ 14, ಸೋಮವಾರ

ಶ್ರೀಧರ ಮತ್ತು ಸುಜಾತಮ್ಮನವರಿಗೆ ನಮಸ್ಕಾರ.

ನಿನ್ನೆ ವಾರ್ಡಿನ ಹೊರಗೆ ನಮ್ಮ ಮಾತು ಅರ್ಧಕ್ಕೇ ನಿಂತಿತು. ಅಂಥ ಹೊತ್ತಲ್ಲಿ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಎಲ್ಲರೂ ಕೂತು ಓದಲಿ ಅಂತ ಬರೆಯುತ್ತಿದ್ದೇನೆ.

ನಾಲ್ಕು ಕೀಮೋ ಆದ ಮೇಲೂ ಸುಬ್ಬಣ್ಣನವರ ಲಿವರ್‌ನಲ್ಲಿರುವ ಗಡ್ಡೆಗಳು ಬೆಳೆದಿವೆ. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಮೂರನೇ ಕೀಮೋ ಆದಾಗ ಬಿಳಿ ರಕ್ತಕಣ ಇಳಿದು, ಜ್ವರ ಬಂದು, ಒಂಬತ್ತು ದಿನ ಮಲಗಿದ್ದು ನೆನಪಿದೆ ಅಲ್ವಾ? ಈಗ ಅವರ ಮೈ ಆಗಿಗಿಂತಲೂ ಸೋತಿದೆ. ಇನ್ನೊಂದು ಕೀಮೋ ಕೊಟ್ಟರೆ ಕಾಯಿಲೆಗಿಂತ ಅವರಿಗೇ ಜಾಸ್ತಿ ಪೆಟ್ಟು. ಈ ಕಾಯಿಲೆ ವಾಸಿಯಾಗುವುದಿಲ್ಲ. ಉಳಿದಿರುವುದು ಕೆಲವು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು ಅನ್ನಿಸುತ್ತದೆ. ದಿನ ಎಣಿಸಿ ಹೇಳಲು ಯಾರಿಗೂ ಆಗದು.

"ಹಾಗಾದ್ರೆ ಕೈಬಿಟ್ರಾ ಡಾಕ್ಟ್ರೇ?" ಅಂತ ಸುಜಾತಮ್ಮ ಕೇಳಿದಿರಿ. ಇಲ್ಲಮ್ಮ. ನಿಲ್ಲಿಸುವುದು ಕೀಮೋ ಮಾತ್ರ. ನೋವು, ವಾಂತಿ, ದಮ್ಮು, ನಿದ್ದೆಗೇಡು ಇವಕ್ಕೆಲ್ಲ ಔಷಧಿ ನಡೆಯುತ್ತದೆ. ಹೊಟ್ಟೆ ಬಿಗಿದು ಕಷ್ಟವಾದರೆ ನೀರು ತೆಗೆಯುತ್ತೇವೆ.

ಮಾರ್ಫಿನ್ ಮಾತ್ರೆಗೆ ಹೆದರಬೇಡಿ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ, ನೋವಿಗೆ ತಗೊಳ್ಳುವವರಿಗೆ ಚಟ ಅಂಟುವುದೂ ತೀರಾ ಅಪರೂಪ. ನೋವು ಬರಲಿ ಅಂತ ಕಾಯದೆ, ಚೀಟಿಯಲ್ಲಿರುವಂತೆ ನಾಲ್ಕು ಗಂಟೆಗೊಮ್ಮೆ ಕೊಡಿ. ಮೊದಲ ಎರಡು ಮೂರು ದಿನ ಮಂಪರು ಇರಬಹುದು. ಮಲಬದ್ಧತೆ ಆಗೇ ಆಗುತ್ತದೆ, ಅದರ ಸಿರಪ್ ತಪ್ಪಿಸಬೇಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಫೋನ್ ಮಾಡಿ.

ಊಟದ ವಿಷಯ ಎಲ್ಲಕ್ಕಿಂತ ಕಷ್ಟ, ಗೊತ್ತು. ಉಣ್ಣದಿದ್ದಕ್ಕೆ ಅವರು ಸೊರಗುತ್ತಿಲ್ಲ, ಕಾಯಿಲೆಯೇ ಹಸಿವನ್ನು ತಿಂದಿದೆ. ಒತ್ತಾಯಿಸಿದರೆ ವಾಂತಿಯಾಗುತ್ತದೆ. ಎರಡು ಚಮಚ ಗಂಜಿ, ನಾಲಿಗೆಗೆ ಚೂರು ಅಪ್ಪೆಹುಳಿ, ಅವರು ಕೇಳಿದಷ್ಟೇ ಸಾಕು. ನುಂಗಲು ಆಗದಾಗ ಒದ್ದೆ ಬಟ್ಟೆಯಿಂದ ತುಟಿ, ಬಾಯಿ ಒರೆಸುತ್ತಿರಿ. ಆ ಹೊತ್ತಲ್ಲಿ ಡ್ರಿಪ್ ಹಾಕಿದರೆ ಕಾಲು ಊದಿ, ಎದೆಯಲ್ಲಿ ನೀರು ಸೇರಬಹುದು.

ಶ್ರೀಧರ, ಅಪ್ಪಯ್ಯನಿಗೆ ಏನೂ ಹೇಳಬೇಡಿ ಅಂದಿರಿ. ನಾನಾಗಿ ಹೇಳಿಲ್ಲ. ಆದರೆ ಶನಿವಾರ ರೌಂಡ್ಸಿಗೆ ಹೋದಾಗ ಅವರೇ ನನ್ನ ಕೈ ಹಿಡಿದು, "ಈ ಸಲದ ಅಡಿಕೆ ಕೊಯ್ಲು ನಾನು ನೋಡಲ್ಲ ಅಲ್ವಾ?" ಅಂದರು. ನಾನು ಸುಳ್ಳು ಹೇಳಲಿಲ್ಲ, ಪಕ್ಕದಲ್ಲೇ ಕೂತೆ. ಅವರಿಗೆ ಗೊತ್ತಿದೆ. ನಿಮಗೆ ನೋವಾಗುತ್ತದೆ ಅಂತ ಅವರು ಸುಮ್ನಿದ್ದಾರೆ, ಅವರಿಗೆ ಅಂತ ನೀವು. ದಯವಿಟ್ಟು ಮಾತಾಡಿ. ಐಸಿಯು, ವೆಂಟಿಲೇಟರ್ ಬೇಕಾ ಅಂತ ಅವರನ್ನೇ ಕೇಳಿ. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. ಅವು ಈ ಕಾಯಿಲೆಯನ್ನು ತಿರುಗಿಸಲಾರವು.

ಬುಧವಾರ ಡಿಸ್ಚಾರ್ಜ್ ಮಾಡೋಣ. ನಿಮ್ಮೂರಿನ ಆರೋಗ್ಯ ಕೇಂದ್ರದ ಡಾಕ್ಟರಿಗೆ ಬೇರೆ ಪತ್ರ ಕೊಡುತ್ತೇನೆ. ಮಳೆಗೆ ನೆಟ್‌ವರ್ಕ್ ಹೋದರೆ ಮೊದಲು ಅವರ ಹತ್ತಿರ ಓಡಿ. ಗುರುವಾರ ಸಂಜೆ ನಾನೇ ಫೋನ್ ಮಾಡುತ್ತೇನೆ.

ಇನ್ನೊಂದು. ತೋಟಕ್ಕೆ ಎರಡನೇ ಮದ್ದು ಹೊಡೆದಾಯ್ತಾ ಅಂತ ದಿನಾ ಕೇಳುತ್ತಿದ್ದಾರೆ. ತೋಟ ಕಾಣುವ ಕಡೆ ಅವರ ಮಂಚ ಹಾಕಿ.

ನಿಮ್ಮ,
ಡಾ. ಸುಮಾ