ನನ್ನ ಹೊಲದ ಟಿಪ್ಪಣಿ: 2022ರ ಮುಂಗಾರಿನಿಂದ 2026ರ ಮೇ ತನಕ

ಎಐ ಚಾಟ್‌ನಲ್ಲಿ ಏನೇ ಕೇಳುವ ಮೊದಲು ಇದನ್ನು ಪೂರ್ತಿ ಅಂಟಿಸಬೇಕು. ಪ್ರಶ್ನೆ ಕೊನೆಗೆ ಬರೆಯಬೇಕು. ಹೊಸ ಚಾಟ್ ತೆರೆದರೆ ಹಿಂದಿನದು ಅದಕ್ಕೆ ನೆನಪಿರುತ್ತದೆ ಅಂತ ನಂಬುವಂತಿಲ್ಲ. ಹೋದ ವರ್ಷ ಬರೀ ‘ತೊಗರಿ ಹಳದಿ ಆಗಿದೆ, ಏನು ಮಾಡಲಿ’ ಅಂತ ಕೇಳಿದ್ದಕ್ಕೆ ಮೂರು ದಿನಕ್ಕೊಮ್ಮೆ ನೀರು ಬಿಡಿ ಅಂತ ಉತ್ತರ ಬಂತು. ಆಗ ಹೊಲದಲ್ಲಿ ಮೊಣಕಾಲು ಮಟ್ಟ ನೀರು ನಿಂತಿತ್ತು! ತಪ್ಪು ನನ್ನದೇ, ಹೇಳಿರಲಿಲ್ಲ.

ಕಣ್ಣಾರೆ ಕಂಡದ್ದನ್ನು ಹಾಗೇ ಬರೆದಿದ್ದೇನೆ. ಊಹೆ ಇದ್ದಲ್ಲಿ ‘ಅಂದಾಜು’ ಅಂತ ಹಾಕಿದ್ದೇನೆ. ಅಂದಾಜನ್ನು ಖಾತ್ರಿ ಅಂತ ಹಿಡಿದು ಸಲಹೆ ಬರಬಾರದು.

ಜಮೀನು

ವಿಜಯಪುರ ಜಿಲ್ಲೆ, ಸಿಂದಗಿ ತಾಲೂಕು. ಒಟ್ಟು ಏಳೂವರೆ ಎಕರೆ, ಎಲ್ಲಾ ಮಳೆ ನಂಬಿದ್ದು. ಬೋರ್ ಇದೆ, ಆದರೆ ಅದರ ನೀರು ದನಕ್ಕೂ ಮನೆಗೂ ಮಾತ್ರ. ಕಾಲುವೆ ಇಲ್ಲ. ನೀರು ಹಾಯಿಸುವ ಸಲಹೆ ಬೇಡ.

ದೊಡ್ಡ ಹೊಲ ನಾಲ್ಕು ಎಕರೆ. ಆಳದ ಎರಿ ಮಣ್ಣು, ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ. ಹಳ್ಳದ ಹೊಲ ಎರಡೂವರೆ ಎಕರೆ. ಅದೂ ಎರಿ, ಆದರೆ ತಗ್ಗು. ಜಾಸ್ತಿ ಮಳೆ ಬಂದರೆ ಪೂರ್ವದ ಒಡ್ಡಿನ ಹತ್ತಿರ ಅರ್ಧ ಎಕರೆ ನೀರು ಹಿಡಿಯುತ್ತದೆ. ಮಡ್ಡಿ ಒಂದು ಎಕರೆ, ಒಂದು ಗೇಣು ಕೆಳಗೆ ಗರಸು. ಅಲ್ಲಿ ಹಿಂಗಾರಿ ಬೆಳೆ ನಿಲ್ಲಲ್ಲ, ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

ಎತ್ತು ಇಲ್ಲ, ಬಾಡಿಗೆ ಟ್ರ್ಯಾಕ್ಟರ್. ಎಲ್ಲರೂ ಒಂದೇ ದಿನ ಬಿತ್ತುವುದರಿಂದ ನನ್ನ ಪಾಳಿ ಎರಡು ಮೂರು ದಿನ ತಡ. ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

2022-23

ಹಳ್ಳದ ಹೊಲದಲ್ಲಿ ಗುಳ್ಯಾಳ ತೊಗರಿ. ಮನೆಯ ಬೀಜ, ಏನೂ ಹಚ್ಚದೆ ಬಿತ್ತಿದ್ದು. ಆ ಹೊಲದಲ್ಲಿ ಸತತ ನಾಲ್ಕನೇ ವರ್ಷ ತೊಗರಿ. ರೇಟು ಚೆನ್ನಾಗಿತ್ತು, ಅದಕ್ಕೇ ಬಿಡಲಿಲ್ಲ.

ಕಾಯಿ ಕಟ್ಟುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಬಾಡಿತು. ತೇವ ಕಡಿಮೆ ಇರಬೇಕು ಅಂದುಕೊಂಡೆ. ಹತ್ತು ದಿನದಲ್ಲಿ ಸಾಲಿಗೆ ಸಾಲೇ ಒಣಗಿತು. ಒಂದು ಗಿಡ ಕಿತ್ತು ಬುಡದ ಹತ್ತಿರ ಕುಡುಗೋಲಿನಿಂದ ಉದ್ದಕ್ಕೆ ಸೀಳಿದೆ. ತೊಗಟೆ ಕೆಳಗೆ ಕರಿ ಗೆರೆ, ಬೇರಿನಿಂದ ಮೇಲಕ್ಕೆ ಒಂದು ಗೇಣು. ಹೊರಗಡೆ ಕಾಂಡದ ಮೇಲೆ ನೇರಳೆ ಪಟ್ಟಿ. ಪಕ್ಕದ ಹಸಿರು ಗಿಡ ಸೀಳಿದರೆ ಒಳಗೆ ಬೆಳ್ಳಗೆ ಇತ್ತು. ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡೂ ಒಯ್ದು ತೋರಿಸಿದೆ, ನೆಟೆ ರೋಗ ಅಂದರು. ಆ ಬೂಸ್ಟು ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಔಷಧ ಹೊಡೆದು ಈಗ ಉಪಯೋಗ ಇಲ್ಲ, ಬೆಳೆ ಬದಲಿಸು ಅಂದರು. ಎರಡೂವರೆ ಎಕರೆಗೆ ಮೂರು ಕ್ವಿಂಟಾಲ್ ಬಂತು.

ದೊಡ್ಡ ಹೊಲದಲ್ಲಿ ಮಾಲದಂಡಿ ಜೋಳ, 20 ಕ್ವಿಂಟಾಲ್. ಕಣಿಕೆ ವರ್ಷ ಪೂರ್ತಿ ಸಾಕಾಯ್ತು.

2023-24, ಬರ

ಮೃಗಶಿರ, ಆರಿದ್ರ ಎರಡೂ ಕೈಕೊಟ್ಟವು. ದೊಡ್ಡ ಹೊಲದಲ್ಲಿ ಪುಷ್ಯ ಮಳೆಗೆ, ಜುಲೈ 22ಕ್ಕೆ ತೊಗರಿ. ಆಗಸ್ಟ್ ಪೂರ್ತಿ ಒಣ. ಗಿಡ ಸೊಂಟದ ಮಟ್ಟಕ್ಕೂ ಬರಲಿಲ್ಲ. 4 ಎಕರೆಗೆ 7 ಕ್ವಿಂಟಾಲ್. ಕ್ವಿಂಟಾಲಿಗೆ 9,600 ಸಿಕ್ಕಿತು, ಆ ವರ್ಷದ ಬೆಂಬಲ ಬೆಲೆ 7,000. ಬೆಳೆ ಕಡಿಮೆ ಆದರೂ ಸಾಲ ಆಗಲಿಲ್ಲ.

ಹಳ್ಳದ ಹೊಲದಲ್ಲಿ ಅಕ್ಟೋಬರ್ 1ಕ್ಕೆ ಜೋಳ. ಆಮೇಲೆ ಒಂದು ಹನಿಯೂ ಇಲ್ಲ. ಆದರೂ 6 ಕ್ವಿಂಟಾಲ್ ಆಯ್ತು, ತಗ್ಗಿನ ತೇವ ಕಾಪಾಡಿತು (ಅಂದಾಜು). ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಎಲ್ಲರ ಹೊಲ ಒಣಗಿತ್ತು, ನಮ್ಮದೊಂದೇ ಹಸಿರು.

2024-25

ದೊಡ್ಡ ಹೊಲದಲ್ಲಿ ಜೂನ್ 12ಕ್ಕೆ ಹೆಸರು. ಕೊಯ್ಯುವ ವಾರ ಮಳೆ ಹಿಡಿದು ಕಾಲುಭಾಗ ಕಾಯಿ ಗಿಡದ ಮೇಲೇ ಮೊಳೆಯಿತು. ಅದೇ ಹೊಲಕ್ಕೆ ಅಕ್ಟೋಬರ್ 3ಕ್ಕೆ ಮಾಲದಂಡಿ, 17 ಕ್ವಿಂಟಾಲ್. ತೆನೆಯಲ್ಲಿ ಕಾಡಿಗೆ ರೋಗ ಕಂಡಿತು, ಕಾಳು ಒತ್ತಿದರೆ ಬೆರಳಿಗೆ ಕರಿ ಪುಡಿ. ಬೀಜಕ್ಕೆ ಗಂಧಕದ ಪುಡಿ ಹಚ್ಚಿರಲಿಲ್ಲ. ಅಪ್ಪ ಇದ್ದಾಗ ತಪ್ಪದೆ ಹಚ್ಚುತ್ತಿದ್ದರು, ನಾನು ಸೋಮಾರಿ. ಆ ಬೀಜ ಉಳಿಸಲಿಲ್ಲ.

ಹಳ್ಳದ ಹೊಲದಲ್ಲಿ ಜೆಜಿ-11 ಕಡಲೆ, ಟ್ರೈಕೋಡರ್ಮಾ ಹಚ್ಚಿ ಬಿತ್ತಿದ್ದು. 11 ಕ್ವಿಂಟಾಲ್. ಬಾಡಿದ ಗಿಡ ಕಂಡಿಲ್ಲ. ತೊಗರಿ ನೆಟೆ ಇದ್ದಲ್ಲಿ ಕಡಲೆ ಹಾಕಬಾರದು ಅಂತ ಒಬ್ಬರು ಹೆದರಿಸಿದ್ದರು. ಕೇಳಿದೆ, ಕಡಲೆಯ ಸಿಡಿ ರೋಗದ ಬೂಸ್ಟೇ ಬೇರೆಯಂತೆ.

2025-26

ದೊಡ್ಡ ಹೊಲದಲ್ಲಿ ಜೂನ್ 24ಕ್ಕೆ ಜಿಆರ್‌ಜಿ-811 ತೊಗರಿ. ಐವತ್ತು ದಿನಕ್ಕೆ ಕುಡಿ ಚಿವುಟಿಸಿದೆವು, ಕವಲು ಚೆನ್ನಾಗಿ ಬಂದವು. ಇಷ್ಟು ಒಳ್ಳೆ ತೊಗರಿ ನಾನು ಬೆಳೆದಿರಲಿಲ್ಲ.

ಆಮೇಲೆ ಸೆಪ್ಟೆಂಬರ್. ಉತ್ತರಿ ಮಳೆ ಬಿಡಲೇ ಇಲ್ಲ. ಅತ್ತ ಭೀಮಾ ತುಂಬಿ ಹರಿಯಿತು, ನದಿ ದಂಡೆಯವರದು ದೊಡ್ಡ ಕಥೆ, ನಮ್ಮದು ಹಳ್ಳದ ನೀರು. ದೊಡ್ಡ ಹೊಲದ ಕೆಳಗಿನ ಒಂದು ಎಕರೆ ಆರು ದಿನ ಮುಳುಗಿತ್ತು. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಸೀಳಿ ನೋಡಿದೆ, ಒಳಗೆ ಕರಿ ಗೆರೆ ಇರಲಿಲ್ಲ. ಹಾಗಾಗಿ ಇದು ನೆಟೆ ಅಲ್ಲ, ನೀರು ನಿಂತ ಪೆಟ್ಟು (ಅಂದಾಜು, ಯಾರಿಗೂ ತೋರಿಸಿಲ್ಲ). ಮೇಲಿನ ಮೂರು ಎಕರೆಗೆ 10 ಕ್ವಿಂಟಾಲ್, ಕೆಳಗಿನದು ಸೊನ್ನೆ.

ಬೆಳೆ ವಿಮೆ ಕಟ್ಟಿದ್ದೆ. ನೀರು ನಿಂತ 72 ಗಂಟೆ ಒಳಗೆ ತಿಳಿಸಬೇಕು. ನಾನು ಐದನೇ ದಿನ ಫೋನ್ ಮಾಡಿದೆ. ದಾರಿ ಕೊಚ್ಚಿ ಹೋಗಿತ್ತು ನಿಜ, ಆದರೆ ಫೋನಿಗೆ ದಾರಿ ಬೇಕಾ ಅಂತ ಮನೆಯವಳು ಕೇಳಿದಳು.

ಹಳ್ಳದ ಹೊಲ ಅಕ್ಟೋಬರ್ ಕೊನೆಯ ತನಕ ಹದಕ್ಕೆ ಬರಲಿಲ್ಲ. ಜೋಳದ ಹೊತ್ತು ಮೀರಿತು. 30ಕ್ಕೆ ಕಡಲೆ ಬಿತ್ತಿದೆ, 6 ಕ್ವಿಂಟಾಲ್.

ಈ ವರ್ಷ ಕೈಯಲ್ಲಿರುವುದು

ಜಿಆರ್‌ಜಿ-811 ಬೀಜ 20 ಕಿಲೋ ತೆಗೆದಿಟ್ಟಿದ್ದೇನೆ, ಮೇಲಿನ ಮೂರು ಎಕರೆಯದು ಮಾತ್ರ. ಕಡಲೆ ಬೀಜ ಕೊಳ್ಳಬೇಕು. ಮಾಲದಂಡಿ ಬೀಜ ತಮ್ಮನ ಹತ್ತಿರ ಇದೆ, ಅವನ ಹೊಲದಲ್ಲಿ ಕಾಡಿಗೆ ಇರಲಿಲ್ಲ ಅನ್ನುತ್ತಾನೆ. ಗಂಧಕ ಈಗಲೇ ತಂದಿಟ್ಟೆ. ಎರಡು ಆಕಳು, ಒಂದು ಎಮ್ಮೆ ಇವೆ, ಹಾಗಾಗಿ ಎಲ್ಲಾದರೂ ಎರಡು ಎಕರೆ ಜೋಳ ಆಗಲೇಬೇಕು. ಎರಡು ವರ್ಷ ಜೋಳ ಬಿಟ್ಟು ಕಣಿಕೆ ಕೊಂಡರೆ ತೊಗರಿಯ ಲಾಭ ಅಲ್ಲೇ ಹೋಗುತ್ತದೆ, ಪುಸ್ತಕದ ಲೆಕ್ಕದಲ್ಲಿ ಇದು ಕಾಣಲ್ಲ.

ತೀರ್ಮಾನ ಆಗದಿರುವುದು ಒಂದೇ: ಹಳ್ಳದ ಹೊಲ. ತೊಗರಿ ಬಿಟ್ಟು ಮೂರು ವರ್ಷ ಆಯ್ತು. ತಮ್ಮ ಈ ಸಲ ತೊಗರಿ ಹಾಕು ಅನ್ನುತ್ತಾನೆ. ನನಗೆ ಧೈರ್ಯ ಇಲ್ಲ. ಹಾಕಿದರೂ ಒಡ್ಡಿನ ಹತ್ತಿರದ ಅರ್ಧ ಎಕರೆ ಬಿಟ್ಟೇ ಹಾಕುವುದು, ಅಲ್ಲಿ ಮೊದಲು ಬಸಿಗಾಲುವೆ ತೆಗೆಸಬೇಕು.

ಮೇ 24ಕ್ಕೆ ಅಡ್ಡಮಳೆ ಬಿತ್ತು. ಅಂಗಳದಲ್ಲಿಟ್ಟ ಡಬ್ಬಿಯಲ್ಲಿ ಎರಡು ಬೆರಳು ನೀರು. ದೊಡ್ಡ ಹೊಲ ಹರಗಿದ್ದಾಗಿದೆ, ಹಳ್ಳದ ಹೊಲ ಇನ್ನೂ ಹರಗಿಲ್ಲ.